ಕಾಣದ ವೈರಸ್ಸಿಗೆ ಕಾಣುವ ಲೆಕ್ಕ

ಬಿತ್ತನೆಗೆ ಮುಂಚೆ ಅನುಭವಸ್ಥ ರೈತ ಬೀಜದ ಮೂಟೆಯಿಂದ ಒಂದು ಹಿಡಿ ತೆಗೆಯುತ್ತಾನೆ. ನೂರು ಕಾಳು ಎಣಿಸಿ, ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟು, ನಾಲ್ಕು ದಿನ ಬಿಟ್ಟು ಬಿಚ್ಚಿ ನೋಡುತ್ತಾನೆ. ಎಂಬತ್ತೈದು ಮೊಳೆತಿದ್ದರೆ ಬೀಜ ಒಳ್ಳೆಯದು, ನಲವತ್ತೇ ಮೊಳೆತಿದ್ದರೆ ಬಿತ್ತುವುದು ನಷ್ಟ. ಮೂಟೆಯಲ್ಲಿ ಕಾಳು ಎಷ್ಟಿದೆ ಎಂಬುದು ಅವನಿಗೆ ಮುಖ್ಯವಲ್ಲ. ಜೀವ ಇರುವ ಕಾಳು ಎಷ್ಟು ಎಂಬುದೇ ಮುಖ್ಯ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವುದರಿಂದ ಮೊಳೆಯಿಸಿ ನೋಡದೆ ಬೇರೆ ದಾರಿ ಇಲ್ಲ.

ಲಸಿಕೆ ತಯಾರಿಸುವವರ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ. ಸೊಳ್ಳೆಯಿಂದ ಹರಡುವ ಮೆದುಳು ಜ್ವರವಾದ ಜಪಾನೀಸ್ ಎನ್ಸೆಫಲೈಟಿಸ್ ರೋಗಕ್ಕೆ ಎಸ್‌ಎ 14-14-2 ಎಂಬ ಜೀವಂತ ಲಸಿಕೆ ಇದೆ. ಇದರಲ್ಲಿರುವುದು ರೋಗ ತರುವ ಶಕ್ತಿ ಕುಂದಿದ, ಆದರೆ ಜೀವಂತವಾಗಿರುವ ವೈರಸ್. ಅದು ಮಗುವಿನ ದೇಹದಲ್ಲಿ ಸ್ವಲ್ಪ ಕಾಲ ಬೆಳೆದರೆ ಮಾತ್ರ ರಕ್ಷಣೆ ಹುಟ್ಟುತ್ತದೆ. ಅರ್ಧ ಮಿಲಿಲೀಟರಿನ ಒಂದು ಡೋಸಿನಲ್ಲಿ ಸೋಂಕು ತಗುಲಿಸಬಲ್ಲ ವೈರಸ್ ಕಡಿಮೆಯೆಂದರೆ ಸುಮಾರು ಎರಡೂವರೆ ಲಕ್ಷ ಇರಬೇಕೆಂಬುದು ನಿಯಮ. ವೈರಸ್ಸಿನ ಅಡ್ಡಳತೆಯೋ ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಭಾಗ. ಶಾಲೆಯ ಸೂಕ್ಷ್ಮದರ್ಶಕಕ್ಕೆ ಅದು ಕಾಣದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಂಡರೂ ಬದುಕಿರುವುದು ಯಾವುದು, ಸತ್ತಿರುವುದು ಯಾವುದು ಎಂದು ಹೇಳಲಾಗದು. ಹಾಗಾದರೆ ಎಣಿಸುವುದು ಹೇಗೆ?

ಉತ್ತರ ರೈತನ ಉತ್ತರವೇ. ಮೊಳೆಯಿಸಿ ಎಣಿಸಬೇಕು. ವೈರಸ್ ಮೊಳೆಯುವ ನೆಲ ಜೀವಕೋಶ. ಜೀವಕೋಶಗಳನ್ನು ಒಂದೇ ಪದರವಾಗಿ ಹಾಸಿ, ಅದರ ಮೇಲೆ ವೈರಸ್ ಬಿತ್ತಿ, ಅದು ಎಲ್ಲೆಲ್ಲಿ ಕೋಶಗಳನ್ನು ಕೊಂದು ತೂತು ಮಾಡಿದೆಯೋ ಆ ತೂತುಗಳನ್ನು ಬರಿಗಣ್ಣಿನಿಂದ ಎಣಿಸುವುದೇ 'ಪ್ಲಾಕ್' ಪರೀಕ್ಷೆ. ಪ್ಲಾಕ್ ಎಂದರೆ ಕೋಶಗಳ ಹಾಸಿನಲ್ಲಿ ಬಿದ್ದ ಬೋಳು ಮಚ್ಚೆ.

ಡುಲ್ಬೆಕೊ ಹಾಸಿದ ಚಾಪೆ

ಈ ಉಪಾಯ ಮೊದಲು ಕಂಡದ್ದು ಬ್ಯಾಕ್ಟೀರಿಯಾಗಳ ಲೋಕದಲ್ಲಿ. ಬ್ಯಾಕ್ಟೀರಿಯಾಗಳನ್ನು ತಿನ್ನುವ ವೈರಸ್‌ಗಳ ಬಗ್ಗೆ 1917ರಲ್ಲಿ ಬರೆದ ಫೆಲಿಕ್ಸ್ ಡಿ'ಹೆರೆಲ್, ಬ್ಯಾಕ್ಟೀರಿಯಾಗಳು ಹಾಲಿನ ಕೆನೆಯಂತೆ ಬೆಳೆದ ತಟ್ಟೆಯಲ್ಲಿ ಅಲ್ಲಲ್ಲಿ ದುಂಡನೆಯ ತಿಳಿ ಚುಕ್ಕೆಗಳನ್ನು ಗಮನಿಸಿದ್ದರು. ಒಂದೊಂದು ಚುಕ್ಕೆಯೂ ಒಂದೊಂದು ವೈರಸ್ಸಿನ ಸಂತಾನ ಮಾಡಿದ ಕೆಲಸವೆಂದು ಅವರು ತರ್ಕಿಸಿದರು. ಅಲ್ಲಿಂದ ಬ್ಯಾಕ್ಟೀರಿಯಾ ವೈರಸ್‌ಗಳ ಲೆಕ್ಕ ಸುಲಭವಾಯಿತು.

ಮನುಷ್ಯರನ್ನೂ ಪ್ರಾಣಿಗಳನ್ನೂ ಕಾಡುವ ವೈರಸ್‌ಗಳಿಗೆ ಮಾತ್ರ ಈ ಅನುಕೂಲ ಇರಲಿಲ್ಲ. ಅವುಗಳ ಪ್ರಮಾಣ ತಿಳಿಯಲು ಇಲಿಗಳ ಗುಂಪುಗಳಿಗೋ ಮೊಟ್ಟೆಯೊಳಗಿನ ಕೋಳಿ ಭ್ರೂಣಗಳಿಗೋ ಚುಚ್ಚಿ, ಎಷ್ಟು ಸತ್ತವು ಎಂದು ನೋಡಬೇಕಿತ್ತು. ಖರ್ಚು ಬಹಳ, ಲೆಕ್ಕ ಮಾತ್ರ ಒರಟು.

ಈ ಸ್ಥಿತಿ ಬದಲಾಗಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ. ಪ್ರಾಣಿ ವೈರಸ್‌ಗಳ ಸಂಶೋಧನೆಗಾಗಿ ಅಲ್ಲಿಗೆ ಸಿರಿವಂತರೊಬ್ಬರಿಂದ ನಿಧಿ ಬಂದಿತ್ತು. ಬ್ಯಾಕ್ಟೀರಿಯಾ ವೈರಸ್‌ಗಳಲ್ಲಿ ಪಳಗಿದ್ದ ಇಟಲಿ ಮೂಲದ ರೆನಾಟೊ ಡುಲ್ಬೆಕೊ ಆ ಕೆಲಸ ಕೈಗೆತ್ತಿಕೊಂಡರು. ಕೋಳಿ ಭ್ರೂಣದ ಅಂಗಾಂಶವನ್ನು ಬಿಡಿ ಬಿಡಿ ಕೋಶಗಳಾಗಿ ಒಡೆದು, ಗಾಜಿನ ಪಾತ್ರೆಯ ತಳದಲ್ಲಿ ಒಂದೇ ಪದರವಾಗಿ ಬೆಳೆಸಿ, ಅದರ ಮೇಲೆ ಕುದುರೆಗಳ ಮೆದುಳು ಜ್ವರದ ಒಂದು ವೈರಸ್ ಸುರಿದು, ಮೇಲೆ ಅಗರ್ ಮುಚ್ಚಿದರು. ಕೋಶಗಳ ಹಾಸಿನಲ್ಲಿ ದುಂಡನೆಯ ತೂತುಗಳು ಮೂಡಿದವು. 1952ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷಗಳ ನಂತರ ಡುಲ್ಬೆಕೊ ಮತ್ತು ಮಾರ್ಗರೀಟ್ ವೋಗ್ಟ್ ಇದೇ ವಿಧಾನವನ್ನು ಪೋಲಿಯೊ ವೈರಸ್ಸಿಗೂ ಒಗ್ಗಿಸಿದರು. ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುವುದು ಮೂಲತಃ ಇದೇ ಕ್ರಮ. ಅದನ್ನು ಮೆದುಳು ಜ್ವರದ ಲಸಿಕೆಯ ಉದಾಹರಣೆಯೊಂದಿಗೇ ಒಂದೊಂದಾಗಿ ನೋಡಬಹುದು.

ಮೊದಲ ಹಂತ: ಕೋಶಗಳ ಹಾಸು

ಈ ಲಸಿಕೆಯ ವೈರಸ್ ಎಣಿಸಲು ಬಿಎಚ್‌ಕೆ-21 ಎಂಬ ಕೋಶಗಳನ್ನು ಬಳಸುವುದು ರೂಢಿ. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಎಳೆ ಮರಿಗಳ ಮೂತ್ರಪಿಂಡದಿಂದ 1961ರಲ್ಲಿ ಗ್ಲಾಸ್ಗೋ ನಗರದಲ್ಲಿ ಪಡೆದ ಕೋಶಗಳ ವಂಶ ಇದು. ಹೆಪ್ಪಿನಿಂದ ಹೆಪ್ಪಿಗೆ ಮೊಸರು ಮುಂದುವರಿದ ಹಾಗೆ, ಆ ಕೋಶಗಳು ಪಾತ್ರೆಯಿಂದ ಪಾತ್ರೆಗೆ ಬೆಳೆಯುತ್ತಲೇ ಬಂದಿವೆ.

ಸೀಸೆಯ ತಳಕ್ಕೆ ಅಂಟಿಕೊಂಡು ಬೆಳೆದ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಹಾಕುತ್ತಾರೆ. ಸಣ್ಣ ಕರುಳಿನಲ್ಲಿ ಪ್ರೋಟೀನು ಜೀರ್ಣಿಸುವ ಕಿಣ್ವವೇ ಇದು. ಕೋಶಗಳನ್ನು ಪಾತ್ರೆಗೆ ಹಿಡಿದಿಟ್ಟ ಪ್ರೋಟೀನಿನ ಅಂಟನ್ನು ಅದು ಕತ್ತರಿಸುತ್ತದೆ. ಬಿಡಿಯಾದ ಕೋಶಗಳನ್ನು ರಕ್ತಕಣ ಎಣಿಸುವ ಗೆರೆಗಾಜಿನ ಮೇಲೆ ಎಣಿಸಿ, ಆರು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಗುಳಿಗೆ ಸುಮಾರು ಐದು ಲಕ್ಷದಂತೆ ಹಾಕುತ್ತಾರೆ. ಒಂದೊಂದು ಗುಳಿಯ ಅಗಲ ಮೂರೂವರೆ ಸೆಂಟಿಮೀಟರ್. ಪಡ್ಡಿನ ಕಾವಲಿಯನ್ನು ನೆನೆಸಿಕೊಂಡರೆ ತಟ್ಟೆಯ ರೂಪ ಸುಲಭವಾಗಿ ತಿಳಿಯುತ್ತದೆ, ಆದರೆ ಇದರ ಗುಳಿಗಳ ತಳ ಚಪ್ಪಟೆ. ಉಪ್ಪು, ಸಕ್ಕರೆ, ಅಮೈನೋ ಆಮ್ಲಗಳು ಮತ್ತು ಕರುವಿನ ರಕ್ತದ ಸೀರಂ ಬೆರೆತ ಪೋಷಕ ದ್ರವ ಅವಕ್ಕೆ ಆಹಾರ. ತಟ್ಟೆಯನ್ನು 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೋಷಕ ದ್ರವದ ಆಮ್ಲ-ಕ್ಷಾರ ಸಮತೋಲ ಕೆಡದಿರಲು ಆ ಅನಿಲ ಬೇಕು.

ಮರುದಿನದ ಹೊತ್ತಿಗೆ ಗುಳಿಯೊಂದರಲ್ಲಿ ಸುಮಾರು ಹತ್ತು ಲಕ್ಷ ಕೋಶಗಳಾಗಿ, ನೆಲಕ್ಕೆ ಹಂಚು ಜೋಡಿಸಿದಂತೆ ಒಂದಕ್ಕೊಂದು ತಾಗಿ ಕುಳಿತಿರುತ್ತವೆ. ಹಾಸು ಒಂದೇ ಪದರವಾಗಿರುವುದು ಏಕೆ ಮುಖ್ಯ? ಎರಡು ಮೂರು ಪದರಗಳಿದ್ದರೆ ಮೇಲಿನ ಕೋಶ ಸತ್ತರೂ ಕೆಳಗಿನದು ತೂತನ್ನು ಮುಚ್ಚಿಬಿಡುತ್ತದೆ. ಕೋಶಗಳು ವಿರಳವಾಗಿದ್ದರೆ ಬರಿದಾದ ಜಾಗವೇ ತೂತಿನಂತೆ ಕಂಡು ಮೋಸವಾಗುತ್ತದೆ. ಆದ್ದರಿಂದ ವೈರಸ್ ಹಾಕುವ ಮುನ್ನ ಪ್ರತಿ ಗುಳಿಯನ್ನೂ ಸೂಕ್ಷ್ಮದರ್ಶಕದಡಿ ನೋಡಿ, ಸರಿಯಿಲ್ಲದ್ದನ್ನು ಬಿಟ್ಟುಬಿಡುತ್ತಾರೆ.

ಎರಡನೆಯ ಹಂತ: ಹತ್ತರಲ್ಲಿ ಒಂದು

ಲಸಿಕೆಯನ್ನು ಇದ್ದ ಹಾಗೇ ಸುರಿದರೆ ಲಕ್ಷಗಟ್ಟಲೆ ವೈರಸ್ ಒಮ್ಮೆಗೇ ಬಿದ್ದು ಇಡೀ ಹಾಸೇ ಅಳಿಸಿಹೋಗುತ್ತದೆ. ಎಣಿಸಲು ಏನೂ ಉಳಿಯದು. ಎಣಿಸುವಷ್ಟು ವಿರಳವಾಗುವ ತನಕ ತೆಳು ಮಾಡಬೇಕು.

ಇದಕ್ಕೆ ಪ್ರನಾಳಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದರಲ್ಲೂ 0.9 ಮಿ.ಲೀ. ಪೋಷಕ ದ್ರವ ತುಂಬುತ್ತಾರೆ. ಮೊದಲನೆಯದಕ್ಕೆ 0.1 ಮಿ.ಲೀ. ಲಸಿಕೆ ಹಾಕಿ ಚೆನ್ನಾಗಿ ಬೆರೆಸಿದರೆ ಅದು ಹತ್ತು ಪಟ್ಟು ತೆಳುವಾಯಿತು. ಅದರಿಂದ 0.1 ಮಿ.ಲೀ. ಎರಡನೆಯದಕ್ಕೆ ಹಾಕಿದರೆ ನೂರು ಪಟ್ಟು, ಮೂರನೆಯದರಲ್ಲಿ ಸಾವಿರ ಪಟ್ಟು, ನಾಲ್ಕನೆಯದರಲ್ಲಿ ಹತ್ತು ಸಾವಿರ ಪಟ್ಟು, ಐದನೆಯದರಲ್ಲಿ ಲಕ್ಷ ಪಟ್ಟು. ಐದು ಪ್ರನಾಳಗಳಲ್ಲಿ ಲಕ್ಷವನ್ನು ಮುಟ್ಟುವ ಈ ಸರಳ ಕ್ರಮದಲ್ಲೇ ಅತಿ ಹೆಚ್ಚು ತಪ್ಪುಗಳೂ ಆಗುತ್ತವೆ. ಪ್ರತಿ ಸಲವೂ ಪಿಪೆಟ್ಟಿನ ತುದಿ ಬದಲಿಸಬೇಕು. ಹಳೆಯ ತುದಿಯ ಹೊರಮೈಗೆ ಅಂಟಿದ ಒಂದು ಹನಿಯೂ ಮುಂದಿನ ಪ್ರನಾಳಕ್ಕೆ ಸಾಗಿದರೆ ಅಲ್ಲಿಯ ಸಂಖ್ಯೆ ಉಬ್ಬುತ್ತದೆ. ಸರಿಯಾಗಿ ಬೆರೆಸದಿದ್ದರೆ ಸಂಖ್ಯೆ ಏರುಪೇರಾಗುತ್ತದೆ. ಮೊದಲ ಪ್ರನಾಳದ ತಪ್ಪು ಐದನೆಯದರ ವರೆಗೂ ಹಿಂಬಾಲಿಸುತ್ತದೆ.

ಮೂರನೆಯ ಹಂತ: ಅಂಟಿಕೊಳ್ಳಲು ಒಂದು ಗಂಟೆ

ಗುಳಿಗಳಿಂದ ಹಳೆಯ ಪೋಷಕ ದ್ರವ ತೆಗೆದು, ತೆಳು ಮಾಡಿದ ವೈರಸ್ ದ್ರವವನ್ನು ಗುಳಿಗೆ 0.2 ಮಿ.ಲೀ.ನಂತೆ ಹಾಕುತ್ತಾರೆ. ಒಂದೊಂದು ತೆಳುವಿಗೂ ಮೂರು ಗುಳಿ. ಕೆಲವು ಗುಳಿಗಳಿಗೆ ವೈರಸ್ ಇಲ್ಲದ ಬರೀ ದ್ರವ ಹಾಕುತ್ತಾರೆ. ಅವು ಸಾಕ್ಷಿ ಗುಳಿಗಳು.

ದ್ರವ ಇಷ್ಟು ಕಡಿಮೆ ಏಕೆ? ವೈರಸ್ಸಿಗೆ ಈಜುವ ಶಕ್ತಿ ಇಲ್ಲ. ದ್ರವದ ಅಣುಗಳು ತಳ್ಳಿದತ್ತ ಅದು ಅಲೆಯುತ್ತದೆ, ಅಷ್ಟೆ. ದ್ರವ ಆಳವಾಗಿದ್ದರೆ ಬಹುಪಾಲು ವೈರಸ್ ಕೋಶವನ್ನು ಮುಟ್ಟದೇ ಉಳಿಯುತ್ತದೆ. ಆದರೆ ಇಷ್ಟು ಕಡಿಮೆ ದ್ರವ ಗುಳಿಯ ಅಂಚಿನತ್ತ ಸರಿದು, ನಡುವಿನ ಭಾಗ ಒಣಗುವ ಅಪಾಯವಿದೆ. ಹಾಗಾಗಿ ಒಂದು ಗಂಟೆಯ ಕಾಲ, ಹದಿನೈದು ನಿಮಿಷಕ್ಕೊಮ್ಮೆ ತಟ್ಟೆಯನ್ನು ಮೆಲ್ಲಗೆ ಆಚೀಚೆ ವಾಲಿಸುತ್ತಾರೆ, ದೋಸೆಕಲ್ಲಿನ ಮೇಲೆ ಎಣ್ಣೆ ಹರಡುವಂತೆ. ಇದನ್ನು ಮರೆತರೆ ಗುಳಿಯ ನಡುವೆ ಒಂದು ದೊಡ್ಡ ಬೋಳು ಕಾಣುತ್ತದೆ. ಅದು ವೈರಸ್ಸಿನ ಕೆಲಸವಲ್ಲ, ಒಣಗಿ ಸತ್ತ ಕೋಶಗಳ ಗುರುತು. ಸಾಕ್ಷಿ ಗುಳಿಯಲ್ಲೂ ಅದೇ ಬೋಳು ಇದ್ದರೆ ಮೋಸ ಗೊತ್ತಾಗಿಬಿಡುತ್ತದೆ.

ನಾಲ್ಕನೆಯ ಹಂತ: ಅಗರ್ ಮುಚ್ಚಳ

ಇಡೀ ಪರೀಕ್ಷೆಯ ಜೀವಾಳ ಇಲ್ಲಿದೆ. ಒಂದು ಕೋಶದೊಳಗೆ ಹೊಕ್ಕ ವೈರಸ್ ಸುಮಾರು ಅರ್ಧ ದಿನದಲ್ಲಿ ಮರಿಗಳನ್ನು ಹೊರಬಿಡಲು ತೊಡಗುತ್ತದೆ. ಮೇಲೆ ಬರೀ ದ್ರವ ಇದ್ದರೆ ಆ ಮರಿಗಳು ಗುಳಿಯ ಎಲ್ಲ ಮೂಲೆಗೂ ತೇಲಿಹೋಗಿ, ಕೊನೆಗೆ ಎಲ್ಲ ಕೋಶಗಳೂ ಸಾಯುತ್ತವೆ. ಮೊದಲಿಗೆ ಬಂದದ್ದು ಒಂದೇ ವೈರಸ್ಸೋ ನೂರೋ ಎಂದು ತಿಳಿಯುವ ಬಗೆಯೇ ಇರುವುದಿಲ್ಲ.

ಮೇಲೆ ಮೊಸರಿನಂತೆ ಗಟ್ಟಿಯಾದ ಪದರ ಮುಚ್ಚಿದರೆ ಮರಿಗಳು ದೂರ ಹೋಗಲಾರವು. ಪಕ್ಕದ ಕೋಶಕ್ಕೆ ಮಾತ್ರ ಅವು ತಲುಪುತ್ತವೆ. ಅಲ್ಲಿಂದ ಅದರ ಪಕ್ಕದ್ದಕ್ಕೆ. ಹುಲ್ಲುಗಾವಲಿಗೆ ಬಿದ್ದ ಒಂದು ಕಿಡಿ ಗಾಳಿಯಿಲ್ಲದ ದಿನ ದುಂಡಗೆ ಸುಡುತ್ತಾ ಹೋಗುವಂತೆ, ಒಂದು ವೈರಸ್ ಬಿದ್ದ ಸ್ಥಳದಿಂದ ಸಾವು ದುಂಡಗೆ ಹರಡುತ್ತದೆ. ಹೀಗೆ ಎಷ್ಟು ಕಿಡಿ ಬಿದ್ದಿತ್ತೋ ಅಷ್ಟು ಸುಟ್ಟ ವೃತ್ತಗಳು ಉಳಿಯುತ್ತವೆ.

ಈ ಮುಚ್ಚಳಕ್ಕೆ ಸಮುದ್ರ ಪಾಚಿಯಿಂದ ಸಿಗುವ ಅಗರೋಸ್ ಬಳಸುತ್ತಾರೆ. ನೀರಿನಲ್ಲಿ ಶೇ 2ರಷ್ಟು ಅಗರೋಸ್ ಕುದಿಸಿ ಕರಗಿಸಿ, ಎರಡು ಪಟ್ಟು ಗಟ್ಟಿಯಾಗಿ ಮಾಡಿದ ಪೋಷಕ ದ್ರವದೊಂದಿಗೆ ಸಮಸಮವಾಗಿ ಬೆರೆಸಿದರೆ ಮುಚ್ಚಳದಲ್ಲಿ ಅಗರೋಸ್ ಶೇ 1ರಷ್ಟಿರುತ್ತದೆ. ಅದನ್ನು 40ರಿಂದ 42 ಡಿಗ್ರಿಗೆ ಆರಿಸಿ ಸುರಿಯಬೇಕು. ಇದಕ್ಕಿಂತ ಬಿಸಿಯಾಗಿದ್ದರೆ ಕೋಶಗಳು ಬೆಂದು, ಸಾಕ್ಷಿ ಗುಳಿಯೂ ಸೇರಿ ಎಲ್ಲವೂ ಬೋಳಾಗುತ್ತವೆ. ತೀರಾ ಆರಿದರೆ ಸುರಿಯುವಾಗಲೇ ಗಂಟುಕಟ್ಟಿ, ಸಂದಿಗಳಲ್ಲಿ ದ್ರವ ನಿಂತು, ಮರಿಗಳಿಗೆ ಓಡಾಡಲು ದಾರಿಯಾಗುತ್ತದೆ. ಆಗ ದುಂಡನೆಯ ತೂತಿನ ಬದಲು ಧೂಮಕೇತುವಿನಂತೆ ಬಾಲವಿರುವ ಮಚ್ಚೆಗಳು ಕಾಣುತ್ತವೆ. ಅಂಥ ಗುಳಿಯ ಎಣಿಕೆಯನ್ನು ನಂಬುವಂತಿಲ್ಲ.

ಐದನೆಯ ಹಂತ: ಬಣ್ಣ, ಎಣಿಕೆ

ಮುಚ್ಚಿದ ತಟ್ಟೆಯನ್ನು ಮತ್ತೆ 37 ಡಿಗ್ರಿಯಲ್ಲಿ ನಾಲ್ಕೈದು ದಿನ ಅಲುಗಾಡಿಸದೆ ಬಿಡುತ್ತಾರೆ. ಬೇಗ ತೆಗೆದರೆ ತೂತುಗಳು ಇನ್ನೂ ಕಣ್ಣಿಗೆ ಬೀಳುವಷ್ಟು ಬೆಳೆದಿರುವುದಿಲ್ಲ. ತಡವಾದರೆ ಒಂದರೊಳಗೊಂದು ಸೇರಿಬಿಡುತ್ತವೆ. ಆಮೇಲೆ ಫಾರ್ಮಲಿನ್ ಹಾಕಿ ಕೋಶಗಳನ್ನು ಇದ್ದ ಜಾಗದಲ್ಲೇ ಸ್ಥಿರಗೊಳಿಸುತ್ತಾರೆ. ಇದರಿಂದ ವೈರಸ್ಸೂ ಸಾಯುತ್ತದೆ. ಅಗರೋಸ್ ಬಿಲ್ಲೆಯನ್ನು ಮೆಲ್ಲಗೆ ಎಬ್ಬಿಸಿ ತೆಗೆದು, ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ, ಕೆಲವು ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯುತ್ತಾರೆ. ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಜೆಂಟಿಯನ್ ವಯಲೆಟ್ ಎಂಬ ನೇರಳೆ ಔಷಧದ ಬಣ್ಣವೇ ಇದು.

ಅಂಟಿಕೊಂಡಿರುವ ಕೋಶಗಳು ನೇರಳೆಯಾಗುತ್ತವೆ. ಕೋಶ ಸತ್ತು ಕಳಚಿಹೋದ ಜಾಗಕ್ಕೆ ಬಣ್ಣ ಹಿಡಿಯದು. ನೇರಳೆ ಬಟ್ಟೆಯಲ್ಲಿ ಬಿಳಿ ಚುಕ್ಕೆ ಬಿದ್ದಂತೆ ತೂತುಗಳು ಎದ್ದು ಕಾಣುತ್ತವೆ. ಎರಡು ಮಿಲಿಮೀಟರ್ ಅಗಲದ ಒಂದು ತೂತಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೋಶಗಳು ನಾಶವಾಗಿರುತ್ತವೆ. ತಟ್ಟೆಯನ್ನು ಬೆಳಕಿಗೆ ಹಿಡಿದು, ಎಣಿಸಿದ ತೂತಿನ ಮೇಲೆ ತಳದ ಹೊರಗಿನಿಂದ ಪೆನ್ನಿನಲ್ಲಿ ಚುಕ್ಕೆ ಇಡುತ್ತಾ ಹೋದರೆ ಒಂದನ್ನೇ ಎರಡು ಸಲ ಎಣಿಸುವ ಭಯವಿಲ್ಲ.

ಲೆಕ್ಕ ಮಾಡುವ ಬಗೆ

ಒಂದು ಉದಾಹರಣೆ ತೆಗೆದುಕೊಳ್ಳಿ. ಲಸಿಕೆಯ ಒಂದು ಸೀಸೆಯನ್ನು ಪರೀಕ್ಷಿಸಿದಾಗ ಸಾವಿರ ಪಟ್ಟು ತೆಳುವಿನ ಮೂರು ಗುಳಿಗಳಲ್ಲಿ ತೂತುಗಳು ಒಂದರ ಮೇಲೊಂದು ಸೇರಿ ಎಣಿಸಲಾಗಲಿಲ್ಲ. ಹತ್ತು ಸಾವಿರ ಪಟ್ಟು ತೆಳುವಿನಲ್ಲಿ 38, 44 ಮತ್ತು 41 ತೂತುಗಳು. ಲಕ್ಷ ಪಟ್ಟು ತೆಳುವಿನಲ್ಲಿ 3, 5 ಮತ್ತು 4. ಸಾಕ್ಷಿ ಗುಳಿಗಳಲ್ಲಿ ಸೊನ್ನೆ.

ಲೆಕ್ಕಕ್ಕೆ ಆರಿಸಬೇಕಾದ್ದು ನಡುವಿನ ಸಾಲು. ಇಷ್ಟು ದೊಡ್ಡ ಗುಳಿಯಲ್ಲಿ ಮೂವತ್ತರಿಂದ ನೂರರ ಒಳಗಿನ ಎಣಿಕೆ ನಂಬಲರ್ಹ. ಹೆಚ್ಚಾದರೆ ತೂತುಗಳು ಬೆರೆತು ಎಣಿಕೆ ತಗ್ಗುತ್ತದೆ. ತೀರಾ ಕಡಿಮೆಯಾದರೆ ಅದೃಷ್ಟದ ಪಾತ್ರ ಹೆಚ್ಚುತ್ತದೆ. ಸರಾಸರಿ 4 ಬರಬೇಕಾದ ಕಡೆ 2 ಅಥವಾ 6 ಬರುವುದು ಸಾಮಾನ್ಯ, ಅಂದರೆ ಅರ್ಧದಷ್ಟು ವ್ಯತ್ಯಾಸ. ಸರಾಸರಿ 41 ಇರುವ ಕಡೆ ಇಂಥ ಏರಿಳಿತ ಸುಮಾರು ಆರು, ಅಂದರೆ ಶೇ 15ರ ಆಸುಪಾಸು. ಸರಾಸರಿಯ ವರ್ಗಮೂಲ ತೆಗೆದರೆ ಈ ಏರಿಳಿತದ ಅಂದಾಜು ಸಿಗುತ್ತದೆ.

38, 44, 41ರ ಸರಾಸರಿ 41. ಇಷ್ಟು ತೂತು ಬಂದದ್ದು 0.2 ಮಿ.ಲೀ. ದ್ರವದಿಂದ. ಹಾಗಾದರೆ ಒಂದು ಮಿ.ಲೀ.ಗೆ 41ರ ಐದು ಪಟ್ಟು, ಅಂದರೆ 205. ಆ ದ್ರವ ಮೂಲ ಲಸಿಕೆಗಿಂತ ಹತ್ತು ಸಾವಿರ ಪಟ್ಟು ತೆಳು. ಆದ್ದರಿಂದ ಮೂಲ ಲಸಿಕೆಯ ಒಂದು ಮಿ.ಲೀ.ನಲ್ಲಿ 205 × 10,000 = 20,50,000. ಅರ್ಧ ಮಿ.ಲೀ. ಡೋಸಿನಲ್ಲಿ 10,25,000. ಬೇಕಾದ ಎರಡೂವರೆ ಲಕ್ಷಕ್ಕಿಂತ ಇದು ನಾಲ್ಕು ಪಟ್ಟು. ಲಸಿಕೆ ತೇರ್ಗಡೆ.

ತಯಾರಕರು ಇಷ್ಟಕ್ಕೇ ನಿಲ್ಲುವುದಿಲ್ಲ. ಕೆಲವು ಸೀಸೆಗಳನ್ನು ಬೇಕೆಂದೇ 37 ಡಿಗ್ರಿಯಲ್ಲಿ ಒಂದು ವಾರ ಇಟ್ಟು ಮತ್ತೆ ಎಣಿಸುತ್ತಾರೆ. ಅಂಥ ಒಂದು ಸೀಸೆಯಿಂದ 52, 47, 54 ತೂತುಗಳು ಬಂದವು ಎಂದುಕೊಳ್ಳಿ. ಸರಾಸರಿ 51. ಮೇಲ್ನೋಟಕ್ಕೆ ಮೊದಲಿನ 41ಕ್ಕಿಂತ ಹೆಚ್ಚು! ಆದರೆ ಇವು ಬಂದದ್ದು ಸಾವಿರ ಪಟ್ಟು ತೆಳುವಿನ ಗುಳಿಗಳಲ್ಲಿ. ಲೆಕ್ಕ ಮಾಡಿದರೆ ಒಂದು ಮಿ.ಲೀ.ಗೆ 2,55,000, ಡೋಸಿಗೆ 1,27,500. ಬೇಕಾದುದರ ಅರ್ಧ ಮಾತ್ರ. ಎರಡು ಸೀಸೆಗಳ ಪುಡಿಯ ಬಣ್ಣ ಒಂದೇ, ತೂಕ ಒಂದೇ. ಒಂದರಲ್ಲಿ ಎಂಟರಲ್ಲಿ ಏಳು ಪಾಲು ವೈರಸ್ ಬಿಸಿಗೆ ಸತ್ತಿವೆ ಎಂಬುದನ್ನು ತೂತುಗಳಲ್ಲದೆ ಬೇರಾವುದೂ ಹೇಳಲಾರದು. ಲಸಿಕೆಯನ್ನು 2ರಿಂದ 8 ಡಿಗ್ರಿಯ ತಣ್ಣನೆಯ ಪೆಟ್ಟಿಗೆಯಲ್ಲೇ ಹಳ್ಳಿಯ ತನಕ ಏಕೆ ಒಯ್ಯುತ್ತಾರೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ.

ಒಂದು ತೂತಿಗೆ ಒಂದೇ ವೈರಸ್ಸೇ?

ಚುರುಕು ವಿದ್ಯಾರ್ಥಿ ಇಲ್ಲೊಂದು ಪ್ರಶ್ನೆ ಕೇಳಬೇಕು. ಒಂದು ತೂತು ಮಾಡಲು ಎರಡು ವೈರಸ್ ಒಟ್ಟಿಗೆ ಬೇಕಾಗಿದ್ದರೆ? ಆಗ ಲೆಕ್ಕವೆಲ್ಲ ತಪ್ಪಲ್ಲವೇ?

ಡುಲ್ಬೆಕೊ ಇದನ್ನೇ ಪರೀಕ್ಷಿಸಿದರು. ಒಂದು ವೈರಸ್ ಸಾಕು ಎನ್ನುವುದಾದರೆ, ದ್ರವವನ್ನು ಅರ್ಧದಷ್ಟು ತೆಳು ಮಾಡಿದಾಗ ತೂತುಗಳೂ ಅರ್ಧವಾಗಬೇಕು. ಎರಡು ವೈರಸ್ ಒಂದೇ ಕೋಶದ ಮೇಲೆ ಬೀಳಬೇಕಾಗಿದ್ದರೆ, ಮೊದಲನೆಯದು ಬೀಳುವ ಸಂಭವವೂ ಅರ್ಧ, ಎರಡನೆಯದು ಬೀಳುವ ಸಂಭವವೂ ಅರ್ಧವಾಗಿ, ತೂತುಗಳು ಕಾಲು ಭಾಗಕ್ಕೆ ಇಳಿಯಬೇಕು. ಎಣಿಸಿ ನೋಡಿದಾಗ ತೂತುಗಳ ಸಂಖ್ಯೆ ತೆಳುವಿಗೆ ಸರಿಯಾಗಿ ನೇರ ಪ್ರಮಾಣದಲ್ಲಿ ಇಳಿಯಿತು. ಮೇಲಿನ ಉದಾಹರಣೆಯಲ್ಲೂ ಹತ್ತು ಪಟ್ಟು ತೆಳು ಮಾಡಿದಾಗ 41 ಇದ್ದದ್ದು 4ಕ್ಕೆ ಇಳಿದಿದೆ. ಎರಡು ವೈರಸ್ ಬೇಕಾಗಿದ್ದರೆ ಅದು ಅರ್ಧಕ್ಕೂ ಕಡಿಮೆ, ಅಂದರೆ ಬಹುಪಾಲು ಗುಳಿಗಳಲ್ಲಿ ಸೊನ್ನೆಯಾಗಬೇಕಿತ್ತು. ಹೀಗೆ ಒಂದು ತೂತಿನ ಹಿಂದೆ ಒಂದೇ ವೈರಸ್ ಸಾಕೆಂಬುದು ಸಾಬೀತಾಯಿತು.

ಇದರಿಂದ ಇನ್ನೊಂದು ಲಾಭ ಸಿಕ್ಕಿತು. ಒಂದು ತೂತಿನಲ್ಲಿರುವ ಎಲ್ಲ ವೈರಸ್ಸೂ ಒಂದೇ ಪೂರ್ವಜನ ಸಂತಾನವಾದ್ದರಿಂದ, ಬಣ್ಣ ಹಾಕುವ ಮೊದಲೇ ಒಂದು ತೂತಿನಿಂದ ವೈರಸ್ ಎತ್ತಿ ಬೆಳೆಸಿದರೆ ಶುದ್ಧ ತಳಿ ದೊರೆಯುತ್ತದೆ. ಈ ಲಸಿಕೆಯ ಸೌಮ್ಯ ತಳಿಯನ್ನು ಚೀನಾದ ವಿಜ್ಞಾನಿಗಳು ಆರಿಸಿ ತೆಗೆದದ್ದೂ ಹೀಗೆ ಮತ್ತೆ ಮತ್ತೆ ತೂತುಗಳಿಂದ ಹೆಕ್ಕಿಯೇ. ರೋಗ ತರುವ ಮೂಲ ತಳಿಗಿಂತ ಇದರ ತೂತುಗಳು ಚಿಕ್ಕವು.

ಆದರೆ ಒಂದು ತೂತಿಗೆ ಒಂದು ವೈರಸ್ ಸಾಕು ಎಂದ ಮಾತ್ರಕ್ಕೆ ಪ್ರತಿ ವೈರಸ್ಸೂ ತೂತು ಮಾಡಿಯೇ ತೀರುತ್ತದೆ ಎಂದಲ್ಲ. ಕೆಲವು ಕೋಶವನ್ನು ಮುಟ್ಟುವುದೇ ಇಲ್ಲ. ಕೆಲವು ಒಳಹೊಕ್ಕರೂ ಮಧ್ಯದಲ್ಲೇ ಸೋಲುತ್ತವೆ. ಕೆಲವು ಹುಟ್ಟುವಾಗಲೇ ಊನವಾಗಿರುತ್ತವೆ. ಪೋಲಿಯೊ ವೈರಸ್ಸಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಾಣುವ ಮೂವತ್ತರಿಂದ ಸಾವಿರ ಕಣಗಳಿಗೆ ಒಂದು ತೂತು ಎಂಬಂತಿರುತ್ತದೆ. ಅದಕ್ಕೇ ವಿಜ್ಞಾನಿಗಳು ಫಲಿತಾಂಶವನ್ನು 'ಇಷ್ಟು ವೈರಸ್' ಎಂದು ಬರೆಯದೆ 'ಇಷ್ಟು ಪಿ.ಎಫ್.ಯು.', ಅಂದರೆ ತೂತು ಮಾಡಬಲ್ಲ ಘಟಕಗಳು, ಎಂದು ಬರೆಯುತ್ತಾರೆ. ಬೀಜದ ಚೀಟಿಯ ಮೇಲೆ ಕಾಳಿನ ಸಂಖ್ಯೆಯ ಬದಲು ಮೊಳಕೆಯ ಪ್ರಮಾಣ ಬರೆದಂತೆ ಇದು. ಕೋಶದ ಜಾತಿ ಬದಲಿಸಿದರೆ ಅದೇ ಸೀಸೆಗೆ ಬೇರೆ ಸಂಖ್ಯೆ ಬರಬಹುದು. ಆದ್ದರಿಂದ ಯಾವ ಕೋಶದ ಮೇಲೆ ಎಣಿಸಿದ್ದು ಎಂಬುದನ್ನೂ ಹೇಳಲೇಬೇಕು.

ಇನ್ನು, ಕೋಶವನ್ನು ಕೊಲ್ಲದೆ ಅದರೊಳಗೇ ತಣ್ಣಗೆ ಬದುಕುವ ವೈರಸ್‌ಗಳೂ ಇವೆ. ಕಾಮಾಲೆ ತರುವ ಹೆಪಟೈಟಿಸ್ ಬಿ ಅಂಥದ್ದು. ಅವು ತೂತು ಮಾಡುವುದಿಲ್ಲವಾದ್ದರಿಂದ ಅವುಗಳಿಗೆ ಈ ಪರೀಕ್ಷೆ ನಡೆಯದು.

ಲಸಿಕೆ ಹತ್ತಿತೇ ಎಂದು ತಿಳಿಯಲು

ತೂತು ಎಣಿಸುವ ಈ ವಿದ್ಯೆಯನ್ನು ತಿರುಗಿಸಿ ಹಿಡಿದರೆ ಮತ್ತೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಹುಟ್ಟಿವೆಯೇ?

ಮಗುವಿನ ರಕ್ತದ ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. ಫಲಿತಾಂಶಕ್ಕೆ ಅಡ್ಡ ಬರುವ ರಕ್ತದ ಬೇರೆ ಕೆಲವು ಪ್ರೋಟೀನುಗಳು ಇದರಿಂದ ನಿಷ್ಕ್ರಿಯವಾಗುತ್ತವೆ, ಪ್ರತಿಕಾಯಗಳು ಉಳಿಯುತ್ತವೆ. ಆಮೇಲೆ ಸೀರಮ್ಮನ್ನು ಹತ್ತು, ಇಪ್ಪತ್ತು, ನಲವತ್ತು, ಎಂಬತ್ತು ಪಟ್ಟು ತೆಳು ಮಾಡಿ, ಪ್ರತಿಯೊಂದಕ್ಕೂ ಅಳೆದ ಒಂದೇ ಪ್ರಮಾಣದ ವೈರಸ್ ಬೆರೆಸಿ, ಒಂದು ಗಂಟೆ ಬಿಟ್ಟು ಕೋಶಗಳ ಹಾಸಿನ ಮೇಲೆ ಸುರಿಯುತ್ತಾರೆ. ಉಳಿದ ಹಂತಗಳೆಲ್ಲ ಮೊದಲಿನಂತೆಯೇ.

ಸೀರಂ ಇಲ್ಲದ ಗುಳಿಯಲ್ಲಿ 60 ತೂತುಗಳಿವೆ ಎಂದುಕೊಳ್ಳಿ. ಹತ್ತು ಪಟ್ಟು ತೆಳು ಸೀರಂ ಇದ್ದ ಕಡೆ 4, ಇಪ್ಪತ್ತರಲ್ಲಿ 11, ನಲವತ್ತರಲ್ಲಿ 26, ಎಂಬತ್ತರಲ್ಲಿ 45. ತೂತುಗಳನ್ನು ಅರ್ಧಕ್ಕೆ, ಅಂದರೆ 30ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಸಿದ ಅತಿ ತೆಳುವಾದ ಸೀರಂ ನಲವತ್ತು ಪಟ್ಟಿನದು. ಆ ಮಗುವಿನ ಅಂಕ 40. ಮೆದುಳು ಜ್ವರದ ವಿಷಯದಲ್ಲಿ ಈ ಅಂಕ 10 ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆಯೆಂದು ಪ್ರಪಂಚದಾದ್ಯಂತ ಒಪ್ಪಿಕೊಂಡಿದ್ದಾರೆ. ಡೆಂಗಿ ವೈರಸ್ ಇದರ ಹತ್ತಿರದ ಸಂಬಂಧಿಯಾದ್ದರಿಂದ ಬರೀ ಪ್ರತಿಕಾಯ ಇದೆಯೇ ಎಂದು ನೋಡುವ ಸರಳ ಪರೀಕ್ಷೆಗಳು ಕೆಲವೊಮ್ಮೆ ಒಂದನ್ನು ಇನ್ನೊಂದೆಂದು ತಿಳಿಯುತ್ತವೆ. ವೈರಸ್ಸನ್ನು ನಿಜವಾಗಿ ತಡೆಯಿತೇ ಎಂದು ನೋಡುವ ಈ ಪರೀಕ್ಷೆಯಲ್ಲಿ ಅಂಥ ಗೊಂದಲ ಕಡಿಮೆ. ಆದರೆ ಫಲಿತಾಂಶಕ್ಕೆ ಒಂದು ವಾರ ಕಾಯಬೇಕು, ಜೀವಂತ ವೈರಸ್ ಇಟ್ಟುಕೊಳ್ಳಬಲ್ಲ ಸುರಕ್ಷಿತ ಪ್ರಯೋಗಾಲಯವೂ ಬೇಕು. ಆಸ್ಪತ್ರೆಯ ಸಾಮಾನ್ಯ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಇದು ಕಾಣದಿರಲು ಕಾರಣ ಇದೇ.

ಈ ಕಥೆಯಲ್ಲಿ ಕರ್ನಾಟಕದ ಹೆಸರೂ ಸೇರಿದೆ. ಮೆದುಳು ಜ್ವರ ಕಾಡಿದ ಕೋಲಾರದಲ್ಲಿ 1980ರ ದಶಕದ ಆರಂಭದಲ್ಲಿ ಸಿಕ್ಕ ವೈರಸ್ ತಳಿಯೊಂದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕಾಪಾಡಿಕೊಂಡು ಬಂದಿತ್ತು. ಅದೇ ತಳಿಯನ್ನು ಬೆಳೆಸಿ, ರಾಸಾಯನಿಕದಿಂದ ಕೊಂದು, ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ 'ಜೆನ್‌ವ್ಯಾಕ್' ಲಸಿಕೆ 2013ರಲ್ಲಿ ಬಳಕೆಗೆ ಬಂತು. ಇದು ಸತ್ತ ವೈರಸ್ಸಿನ ಲಸಿಕೆ. ಹಾಗಾಗಿ ಇದರ ಡೋಸಿನಲ್ಲಿ ತೂತು ಮಾಡುವ ವೈರಸ್ ಒಂದೂ ಇರಕೂಡದು. ಇದು ರಕ್ಷಣೆ ಕೊಡುತ್ತದೆ ಎಂದು ತೋರಿಸಿದ್ದು ಮಾತ್ರ ತೂತುಗಳೇ. ಲಸಿಕೆ ಪಡೆದವರ ಸೀರಂ ಬೆರೆಸಿದ ಗುಳಿಗಳಲ್ಲಿ ಎಷ್ಟು ತೂತು ಕಡಿಮೆಯಾಯಿತು ಎಂದು ಎಣಿಸಿ, ಅದೇ ಹತ್ತರ ಗೆರೆಯನ್ನು ದಾಟಿದವರ ಲೆಕ್ಕ ಹಿಡಿದರು. ಜೀವಂತ ಲಸಿಕೆಯಲ್ಲಿ ತೂತು ಹೆಚ್ಚಿದಷ್ಟೂ ಒಳ್ಳೆಯದು, ರಕ್ಷಣೆ ಪಡೆದ ಮಗುವಿನ ಸೀರಂ ಬೆರೆತ ಗುಳಿಯಲ್ಲಿ ಕಡಿಮೆಯಾದಷ್ಟೂ ಒಳ್ಳೆಯದು. ಎರಡು ಕಡೆಯೂ ಎಣಿಸುವುದು ನೇರಳೆ ಹಾಸಿನ ಮೇಲಿನ ಅದೇ ಬಿಳಿ ಚುಕ್ಕೆಗಳನ್ನು.